ಆತಂಕ, ಖಿನ್ನತೆ ಮತ್ತು ಸಿಗರೇಟು: ಪದೇ ಪದೇ ಕೇಳುವ ಪ್ರಶ್ನೆಗಳು

ಧೂಮಪಾನ ಬಿಡಲು ಬಯಸುವವರಿಗೆ ಆಪ್ತಸಮಾಲೋಚನೆ ನೀಡುವ ಕೆಲಸದಲ್ಲಿ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಶ್ವಾಸಕೋಶ, ಹೃದಯ, ಕ್ಯಾನ್ಸರ್ ಕುರಿತ ಮಾತು ಇಲ್ಲಿಲ್ಲ. ಆತಂಕ ಅಥವಾ ಖಿನ್ನತೆ ಇರುವವರ ಮನಸ್ಸಿಗೆ ಸಿಗರೇಟು ಏನು ಮಾಡುತ್ತದೆ, ಬಿಟ್ಟ ನಂತರದ ವಾರಗಳಲ್ಲಿ ಆ ಮನಸ್ಸು ಹೇಗೆ ಬದಲಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಸಿಗರೇಟು ಸೇದಿದ ಕೂಡಲೇ ನನ್ನ ಆತಂಕ ಇಳಿಯುತ್ತದೆ. ಇದು ಬರೀ ಭ್ರಮೆಯೇ?

ಭ್ರಮೆಯಲ್ಲ. ಇಳಿಯುವುದು ನಿಜ, ಆದರೆ ಇಳಿಯುತ್ತಿರುವುದು ಯಾವ ಆತಂಕ ಎಂಬುದನ್ನು ಬಿಡಿಸಿ ನೋಡಬೇಕು.

ಹೊಗೆಯೊಡನೆ ಒಳಹೋದ ನಿಕೋಟಿನ್ ಸುಮಾರು 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ದೇಹದ ರಾಸಾಯನಿಕಕ್ಕಾಗಿ ಇರುವ ಗ್ರಾಹಕಗಳಿಗೆ ಅದು ಅಂಟಿಕೊಂಡು ಡೋಪಮಿನ್ ಬಿಡುಗಡೆಯಾಗುವಂತೆ ಮಾಡುತ್ತದೆ, ಮನಸ್ಸಿಗೆ ಹಿತವೆನಿಸುತ್ತದೆ. ಇದು ದಿನಕ್ಕೆ ಹತ್ತಾರು ಬಾರಿ, ವರ್ಷಗಟ್ಟಲೆ ನಡೆದಾಗ ಮಿದುಳು ತನ್ನನ್ನು ಅದಕ್ಕೆ ಹೊಂದಿಸಿಕೊಂಡು ಈ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ನಿಕೋಟಿನ್ ಇದ್ದರೆ ಮಾತ್ರ ಮಿದುಳಿಗೆ ತಾನು ಸಹಜ ಸ್ಥಿತಿಯಲ್ಲಿರುವಂತೆ ಅನಿಸುತ್ತದೆ.

ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮಟ್ಟ ಇಳಿಯುತ್ತಿದ್ದಂತೆ ಚಡಪಡಿಕೆ, ಸಿಡುಕು, ಎದೆಯೊಳಗಿನ ಬಿಗಿತ, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಮೊದಲಾದ ಲಕ್ಷಣಗಳು ತಲೆಯೆತ್ತುತ್ತವೆ. ಆತಂಕದ ಕಾಯಿಲೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ ಆದ್ದರಿಂದ, ಅನುಭವಿಸುತ್ತಿರುವವರಿಗೆ ಇವೆರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಮುಂದಿನ ಸಿಗರೇಟು ಸೇದಿದಾಗ ಈ ತಳಮಳ ಶಮನವಾಗುತ್ತದೆ, ಮತ್ತು ‘ಸಿಗರೇಟು ನನ್ನ ಆತಂಕವನ್ನು ಕಳೆಯಿತು’ ಎಂಬ ಪಾಠವನ್ನು ಮನಸ್ಸು ಇನ್ನೊಮ್ಮೆ ಕಲಿಯುತ್ತದೆ. ವಾಸ್ತವದಲ್ಲಿ ಹಿಂದಿನ ಸಿಗರೇಟು ಉಳಿಸಿಹೋದ ತಳಮಳವನ್ನು ಈಗಿನ ಸಿಗರೇಟು ನೀಗಿಸಿದೆ, ಅಷ್ಟೆ. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಎತ್ತಿದ ಹಾಗೆ.

ಇದಕ್ಕೆ ದೇಹವೇ ಒಂದು ಸಾಕ್ಷಿಯನ್ನು ಒದಗಿಸುತ್ತದೆ. ನಿಕೋಟಿನ್ ಉತ್ತೇಜಕ ವಸ್ತು. ಸೇದಿದಾಗ ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ, ಆದರೂ ಸೇದಿದವರು ‘ಸಮಾಧಾನವಾಯಿತು’ ಎನ್ನುತ್ತಾರೆ. 1970ರ ದಶಕದಲ್ಲಿ ಪಾಲ್ ನೆಸ್ಬಿಟ್ ಎಂಬ ಸಂಶೋಧಕರು ಎತ್ತಿ ತೋರಿಸಿದ ಈ ವೈರುಧ್ಯಕ್ಕೆ ಮನಶ್ಶಾಸ್ತ್ರದಲ್ಲಿ ಅವರ ಹೆಸರೇ ಉಳಿದಿದೆ. ಸಿಗುವ ಸಮಾಧಾನದ ಬಹುಪಾಲು ತಳಮಳದಿಂದ ಪಾರಾದ ಸಮಾಧಾನ ಎಂದುಕೊಂಡರೆ ಆ ಒಗಟು ಬಹುಮಟ್ಟಿಗೆ ಬಿಡುತ್ತದೆ.

ಹಾಗಿದ್ದರೆ ಎಲ್ಲ ಧೂಮಪಾನಿಗಳಿಗೂ ಹೀಗೆಯೇ ಆಗಬೇಕಲ್ಲ? ಆತಂಕ, ಖಿನ್ನತೆ ಇರುವವರೇ ಏಕೆ ಹೆಚ್ಚು ಸೇದುತ್ತಾರೆ?

ಎಲ್ಲರಿಗೂ ಆಗುತ್ತದೆ. ಆದರೆ ಮೊದಲೇ ಆತಂಕ ಇರುವವರಿಗೆ ಆ ತಳಮಳ ಹೆಚ್ಚು ಭಯಾನಕವಾಗಿ ಕಾಣುತ್ತದೆ. ಎದೆ ಸ್ವಲ್ಪ ಬಿಗಿದರೂ ಸಾಕು, ‘ಇದೋ, ಮತ್ತೆ ಶುರುವಾಯಿತು’ ಎಂದು ಅವರು ಗಾಬರಿಪಡುತ್ತಾರೆ. ಆ ಗಾಬರಿಯೇ ಬಿಗಿತವನ್ನು ಇಮ್ಮಡಿಗೊಳಿಸುತ್ತದೆ. ತಪ್ಪಿಸಿಕೊಳ್ಳಲು ಕೈಗೆಟುಕುವ ಅತ್ಯಂತ ವೇಗದ ದಾರಿ ಸಿಗರೇಟು. ಇಪ್ಪತ್ತು ಸೆಕೆಂಡಿನೊಳಗೆ ಫಲ ಕೊಡುವ ಇನ್ನೊಂದು ಉಪಾಯ ಅವರ ಬಳಿ ಇರುವುದು ಅಪರೂಪ.

ಖಿನ್ನತೆ ಇರುವವರ ಕಥೆ ಸ್ವಲ್ಪ ಬೇರೆ. ಹಿಂದೆ ಖುಷಿ ಕೊಡುತ್ತಿದ್ದ ಊಟ, ಮಾತುಕತೆ, ಸಂಗೀತ ಎಲ್ಲವೂ ಸಪ್ಪೆಯಾದಾಗಲೂ ಸಿಗರೇಟು ಮಾತ್ರ ಒಂದಿಷ್ಟು ಹಿತವನ್ನು ಖಚಿತವಾಗಿ ಕೊಡುತ್ತಿರುತ್ತದೆ. ಇದರ ಜೊತೆಗೆ ಹೊಗೆಯಲ್ಲಿ ನಿಕೋಟಿನ್ ಅಲ್ಲದ ಬೇರೆ ಪದಾರ್ಥಗಳೂ ಇವೆ. ಡೋಪಮಿನ್ ಮುಂತಾದವುಗಳನ್ನು ಒಡೆಯುವ ಮೋನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಅವು ಕುಗ್ಗಿಸುತ್ತವೆ. ಇದೇ ಕಿಣ್ವವನ್ನು ತಡೆಯುವ ಹಳೆಯ ಖಿನ್ನತೆ ನಿವಾರಕ ಔಷಧಗಳ ಒಂದು ಗುಂಪೇ ಇದೆ. 1996ರಲ್ಲಿ ಪ್ರಕಟವಾದ ಮಿದುಳಿನ ಸ್ಕ್ಯಾನ್ ಅಧ್ಯಯನವೊಂದರಲ್ಲಿ ಧೂಮಪಾನಿಗಳಲ್ಲಿ ಈ ಕಿಣ್ವದ ಒಂದು ಬಗೆ ಇತರರಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಇರುವುದು ಕಂಡುಬಂತು. ಹಾಗೆಂದು ಸಿಗರೇಟು ಖಿನ್ನತೆಗೆ ಔಷಧವಾಗುವುದಿಲ್ಲ, ಆದರೆ ಬಿಟ್ಟ ಮೊದಲ ದಿನಗಳಲ್ಲಿ ಲೋಕವೇ ಬಣ್ಣಗೆಟ್ಟಂತೆ ಕಾಣುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಇನ್ನೊಂದು ಕಾರಣವನ್ನು ಹೇಳದೆ ಬಿಡಲಾಗದು. ಮಾನಸಿಕ ಕಾಯಿಲೆ ಇರುವವರಿಗೆ ‘ಈಗಲೇ ಬಿಡಬೇಡಿ, ಮೊದಲು ಮನಸ್ಸು ಸರಿಯಾಗಲಿ’ ಎಂದು ಚಿಕಿತ್ಸೆ ನೀಡುವವರೇ ಬಹುಕಾಲ ಹೇಳುತ್ತ ಬಂದರು. ಹಿಂದೆ ಹಲವು ಮಾನಸಿಕ ಆಸ್ಪತ್ರೆಗಳಲ್ಲಿ ಒಳ್ಳೆಯ ನಡತೆಗೆ ಬಹುಮಾನವಾಗಿ ಸಿಗರೇಟನ್ನೇ ಕೊಡುತ್ತಿದ್ದರು. ಬಿಡಲು ನೆರವೇ ಸಿಗದವರನ್ನು ‘ಇವರಿಗೆ ಬಿಡುವ ಮನಸ್ಸಿಲ್ಲ’ ಎಂದು ದೂರುವುದು ಅನ್ಯಾಯ.

ಬಿಟ್ಟ ಮೇಲೆ ಮನಸ್ಸು ಯಾವಾಗ, ಹೇಗೆ ಬದಲಾಗುತ್ತದೆ?

ಮೊದಲು ಇಳಿಯುತ್ತದೆ, ಆಮೇಲೆ ಏರುತ್ತದೆ. ಇದನ್ನು ಮುಂಚಿತವಾಗಿ ತಿಳಿದಿರಲೇಬೇಕು, ಏಕೆಂದರೆ ಹೆಚ್ಚಿನವರು ಇಳಿತದ ನಡುವೆಯೇ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಕೊನೆಯ ಸಿಗರೇಟಿನ ನಂತರ 4ರಿಂದ 24 ಗಂಟೆಗಳೊಳಗೆ ವಿತ್‌ಡ್ರಾವಲ್ ಲಕ್ಷಣಗಳು ಆರಂಭವಾಗುತ್ತವೆ: ಸಿಡುಕು, ಆತಂಕ, ಮಂಕು, ನಿದ್ರೆ ಕೆಡುವುದು, ಹಸಿವು ಹೆಚ್ಚುವುದು, ಗಮನ ನಿಲ್ಲದಿರುವುದು. ಎರಡನೆಯ, ಮೂರನೆಯ ದಿನ ಇವು ತುದಿ ಮುಟ್ಟುತ್ತವೆ. ಆಮೇಲೆ ನಿಧಾನವಾಗಿ ಇಳಿಯುತ್ತ ಬಹುತೇಕರಲ್ಲಿ ಎರಡರಿಂದ ನಾಲ್ಕು ವಾರಗಳಲ್ಲಿ ಹಿಂದೆ ಸರಿಯುತ್ತವೆ. ಹಿಂದೆ ತೀವ್ರ ಖಿನ್ನತೆ ಅನುಭವಿಸಿದವರಲ್ಲಿ ಮಂಕು ಇನ್ನಷ್ಟು ಗಾಢವಾಗಿ, ಹೆಚ್ಚು ದಿನ ಉಳಿಯಬಹುದು. ಹೆಚ್ಚಿದ್ದ ಗ್ರಾಹಕಗಳು ಸೇದದವರ ಮಟ್ಟಕ್ಕೆ ಮರಳಲು ಸುಮಾರು ಆರರಿಂದ ಹನ್ನೆರಡು ವಾರಗಳು ಬೇಕು. ಮನಸ್ಥಿತಿಯ ನಿಜವಾದ ಅಳತೆ ಸಿಗುವುದು ಆ ಹೊತ್ತಿಗೇ. ಮೂರನೆಯ ದಿನ ಹೇಗನಿಸಿತು ಎಂಬುದನ್ನು ನೋಡಿ ‘ಸಿಗರೇಟಿಲ್ಲದ ನನ್ನ ಬದುಕು ಇಷ್ಟೇ’ ಎಂದು ತೀರ್ಮಾನಿಸುವುದು ಜ್ವರ ಏರಿದ ರಾತ್ರಿ ತನ್ನ ಆರೋಗ್ಯವನ್ನು ಅಳೆದಂತೆ.

ಇದು ಒಬ್ಬರ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂದು ವಿವರವಾಗಿ ಹೇಳಬಹುದೇ?

ಹಲವರ ಅನುಭವಗಳನ್ನು ಕೂಡಿಸಿ ಕಟ್ಟಿದ ಒಂದು ಉದಾಹರಣೆಯನ್ನು ಕೊಡುತ್ತೇನೆ. ಇದು ಯಾವೊಬ್ಬ ವ್ಯಕ್ತಿಯ ಕಥೆಯೂ ಅಲ್ಲ.

ನಲವತ್ತರ ಆಸುಪಾಸಿನ ಒಬ್ಬರಿಗೆ ಆರು ವರ್ಷಗಳಿಂದ ಆತಂಕದ ಕಾಯಿಲೆಯಿದೆ. ಎಸಿಟಲೋಪ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಕಾಯಿಲೆ ಒಂದು ಹತೋಟಿಯಲ್ಲಿದೆ. ದಿನಕ್ಕೆ 16 ಸಿಗರೇಟು ಸೇದುತ್ತಾರೆ, ಎದ್ದ 20 ನಿಮಿಷದೊಳಗೆ ಮೊದಲನೆಯದು. ಎಚ್ಚರವಿರುವ 16 ಗಂಟೆಗಳಿಗೆ 16 ಸಿಗರೇಟು ಎಂದರೆ ಗಂಟೆಗೊಂದು. ದಿನಕ್ಕೆ ಹದಿನಾರು ಸಲ ಸಮಾಧಾನ ಸಿಗುತ್ತಿದೆ ಎಂದು ಅವರು ಲೆಕ್ಕ ಹಾಕುತ್ತಾರೆ. ಪ್ರತಿ ಸಮಾಧಾನಕ್ಕೂ ಮುಂಚೆ ಒಂದೊಂದು ಇಳಿತವಿದೆ ಎಂಬುದು ಆ ಲೆಕ್ಕದಲ್ಲಿ ಸೇರಿಲ್ಲ.

ಬಿಡುವ ಎರಡು ವಾರ ಮೊದಲೇ ಅವರು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ತಮ್ಮ ಆತಂಕಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆದಿಡಲು ಆರಂಭಿಸುತ್ತಾರೆ. ಸರಾಸರಿ 6 ಬರುತ್ತದೆ, ಬೆಳಿಗ್ಗೆ ಎದ್ದಾಗ 7. ರಾತ್ರಿಯಿಡೀ ನಿಕೋಟಿನ್ ಇಲ್ಲದ ದೇಹ ಬೆಳಿಗ್ಗೆ ಅತಿ ಹೆಚ್ಚು ತಳಮಳದಲ್ಲಿರುವುದು ಅವರಿಗೆ ಅಂಕೆಗಳಲ್ಲೇ ಕಾಣುತ್ತದೆ.

ಬಿಟ್ಟ ದಿನ ವೈದ್ಯರ ಸಲಹೆಯಂತೆ 21 ಮಿಲಿಗ್ರಾಂ ನಿಕೋಟಿನ್ ಪ್ಯಾಚ್ ಹಚ್ಚಿಕೊಂಡು, ತುಡಿತ ಎದ್ದಾಗ ನಿಕೋಟಿನ್ ಗಮ್ ಬಳಸುತ್ತಾರೆ. ಮೂರನೆಯ ದಿನದ ಸರಾಸರಿ 8. ಇದು ನಿರೀಕ್ಷಿತವಾದದ್ದೇ. ಆದರೆ ಆರನೆಯ ದಿನವೂ ಅಂಕ ಇಳಿಯುವುದಿಲ್ಲ. ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ರಾತ್ರಿ ಎರಡಾದರೂ ನಿದ್ರೆ ಸುಳಿಯುವುದಿಲ್ಲ. ಕಾಯಿಲೆ ಮರಳಿತು, ಸಿಗರೇಟು ಇಲ್ಲದೆ ತನಗೆ ಆಗುವುದೇ ಇಲ್ಲ ಎಂದು ಅವರು ಕುಸಿಯುತ್ತಾರೆ. ವಿಚಾರಿಸಿದಾಗ ದಿನಕ್ಕೆ ಐದು ಲೋಟ ಕಾಫಿ ಕುಡಿಯುತ್ತಿರುವುದು ತಿಳಿಯುತ್ತದೆ. ಮೊದಲಿನಿಂದಲೂ ಅಷ್ಟೇ ಕುಡಿಯುತ್ತಿದ್ದರಲ್ಲ, ಈಗೇನು ಹೊಸತು? ಹೊಸತು ಇರುವುದು ಅವರ ಯಕೃತ್ತಿನಲ್ಲಿ. ಹೊಗೆಯ ಟಾರು ಕೆಫೀನನ್ನು ಒಡೆಯುವ ಕಿಣ್ವವನ್ನು ಹೆಚ್ಚಿಸಿ ಇಟ್ಟಿತ್ತು. ಹೊಗೆ ನಿಂತು ಕೆಲವೇ ದಿನಗಳಲ್ಲಿ ಆ ಕಿಣ್ವ ಇಳಿದು, ಅದೇ ಐದು ಲೋಟ ರಕ್ತದಲ್ಲಿ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್ ಉಳಿಸುತ್ತಿದೆ. ಅವರು ಕಾಫಿಯನ್ನು ಎರಡು ಲೋಟಕ್ಕೆ ಇಳಿಸಿ, ಮಧ್ಯಾಹ್ನದ ನಂತರ ಕುಡಿಯುವುದನ್ನು ನಿಲ್ಲಿಸುತ್ತಾರೆ. ಕೆಟ್ಟ ಕನಸುಗಳು ಬೀಳುತ್ತಿದ್ದುದರಿಂದ ಪ್ಯಾಚನ್ನು ಮಲಗುವ ಮುನ್ನ ತೆಗೆಯುತ್ತಾರೆ. ಮೂರನೆಯ ವಾರಕ್ಕೆ ಸರಾಸರಿ ಮತ್ತೆ 6, ಎಂಟನೆಯ ವಾರಕ್ಕೆ 4. ಅವರ ಆತಂಕದ ಕಾಯಿಲೆ ಮಾಯವಾಗಿಲ್ಲ, ಮಾತ್ರೆ ಮುಂದುವರಿದಿದೆ. ಆದರೆ ಗಂಟೆಗೊಮ್ಮೆಯ ಇಳಿತ ನಿಂತಿದೆ.

ಬಿಟ್ಟವರ ಮನಸ್ಸು ಸುಧಾರಿಸುತ್ತದೆ ಎನ್ನಲು ಆಧಾರವೇನು?

2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 26 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಪ್ರಕಟವಾಯಿತು. ಸೇದುವುದನ್ನು ಮುಂದುವರಿಸಿದವರಿಗೆ ಹೋಲಿಸಿದರೆ ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಕಡಿಮೆಯಾಗಿದ್ದವು. ಮಾನಸಿಕ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಫಲಿತಾಂಶ ಒಂದೇ ತೆರನಾಗಿತ್ತು. 2021ರಲ್ಲಿ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಅದೇ ದಿಕ್ಕಿನ ತೀರ್ಮಾನಕ್ಕೆ ಬಂತು.

ಇದರ ಮಿತಿಯನ್ನೂ ಹೇಳಬೇಕು. ಯಾರು ಬಿಡಬೇಕು, ಯಾರು ಸೇದುತ್ತಲೇ ಇರಬೇಕು ಎಂದು ಚೀಟಿ ಎತ್ತಿ ಜನರನ್ನು ವಿಂಗಡಿಸಲು ಸಾಧ್ಯವಿಲ್ಲ. ಆದ್ದರಿಂದ ಬಿಟ್ಟದ್ದರಿಂದ ಮನಸ್ಸು ಸುಧಾರಿಸಿತೋ, ಸುಧಾರಿಸುತ್ತಿದ್ದವರೇ ಬಿಡಲು ಶಕ್ತರಾದರೋ ಎಂಬ ಪ್ರಶ್ನೆ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಆದರೆ ‘ಬಿಟ್ಟರೆ ಮನಸ್ಸು ಶಾಶ್ವತವಾಗಿ ಹದಗೆಡುತ್ತದೆ’ ಎಂಬ ಹಳೆಯ ಭಯವನ್ನು ಈ ಅಧ್ಯಯನಗಳು ಸಮರ್ಥಿಸುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು.

ನನಗೆ ಆಗುತ್ತಿರುವುದು ವಿತ್‌ಡ್ರಾವಲ್ಲೋ, ಖಿನ್ನತೆಯೇ ಮರಳಿದೆಯೋ ಎಂದು ಹೇಗೆ ತಿಳಿಯುವುದು?

ಮೊದಲು ದಿನಗಳನ್ನು ಎಣಿಸಿ. ವಿತ್‌ಡ್ರಾವಲ್ ಆದರೆ ಮೊದಲ ವಾರದಲ್ಲಿ ಅತಿ ಹೆಚ್ಚಿದ್ದು ಆಮೇಲೆ ಇಳಿಮುಖವಾಗುತ್ತದೆ, ನಡುನಡುವೆ ಒಳ್ಳೆಯ ಗಂಟೆಗಳು ಕಾಣಿಸಿಕೊಳ್ಳುತ್ತವೆ, ಮತ್ತು ಸೇದುವ ತುಡಿತ ಬಂದಾಗ ಮಂಕೂ ಅದರ ಜೊತೆಗೇ ಏರಿ ಕೆಲ ನಿಮಿಷಗಳಲ್ಲಿ ಸ್ವಲ್ಪ ಸಡಿಲಗೊಳ್ಳುತ್ತದೆ. ಖಿನ್ನತೆ ಮರಳಿದ್ದರೆ ಎರಡು ವಾರ ಕಳೆದರೂ ಇಳಿಮುಖ ಕಾಣುವುದಿಲ್ಲ. ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ ಮಂಕು ಆವರಿಸಿರುತ್ತದೆ. ಸಿಗರೇಟಿನ ಯೋಚನೆಯೇ ಇಲ್ಲದಿರುವಾಗಲೂ ‘ನಾನು ಯಾತಕ್ಕೂ ಬಾರದವನು’, ‘ನಾನು ಯಾತಕ್ಕೂ ಬಾರದವಳು’ ಎಂಬಂಥ ಆಲೋಚನೆಗಳು ಸುತ್ತುತ್ತವೆ. ನಿಕೋಟಿನ್ ತಳಮಳದಲ್ಲಿ ಹಸಿವು ಸಾಮಾನ್ಯವಾಗಿ ಹೆಚ್ಚುತ್ತದೆ, ಆದ್ದರಿಂದ ಊಟವೇ ಬೇಡವೆನಿಸಿದರೆ ಅದನ್ನೂ ಗಮನಿಸಿ.

ಸಾಯಬೇಕೆನ್ನುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆನ್ನುವ ಆಲೋಚನೆ ಬಂದರೆ ಮಾತ್ರ ದಿನಗಳನ್ನು ಎಣಿಸುತ್ತ ಕೂರಬೇಡಿ. ಅದು ವಿತ್‌ಡ್ರಾವಲ್ಲೇ ಆಗಿರಲಿ, ಬೇರೇನೇ ಆಗಿರಲಿ, ಅದೇ ದಿನ ಹತ್ತಿರದವರಿಗೆ ತಿಳಿಸಿ, ವೈದ್ಯರನ್ನು ಅಥವಾ ತುರ್ತು ಚಿಕಿತ್ಸಾ ಘಟಕವನ್ನು ಸಂಪರ್ಕಿಸಿ.

ನಾನು ಮನೋವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬಿಡುವ ಮುನ್ನ ಅವರಿಗೆ ಹೇಳಬೇಕೇ?

ಹೇಳಲೇಬೇಕು. ಕೆಫೀನಿನ ಬಗ್ಗೆ ಹೇಳಿದ ಆ ಕಿಣ್ವವೇ ಕೆಲವು ಔಷಧಗಳನ್ನೂ ಒಡೆಯುತ್ತದೆ. ಅದರ ಹೆಸರು ಸಿವೈಪಿ1ಎ2. ಕ್ಲೋಜಪಿನ್ ಮತ್ತು ಒಲಾಂಜಪಿನ್ ಇವುಗಳಲ್ಲಿ ಮುಖ್ಯವಾದವು; ಡುಲೊಕ್ಸೆಟಿನ್ ಮೇಲೂ ಪರಿಣಾಮವಿದೆ. ಸೇದುವವರಿಗೆ ಅವರ ಹೊಗೆಯ ಲೆಕ್ಕಕ್ಕೆ ಹೊಂದಿಕೊಂಡಂತೆ ಪ್ರಮಾಣ ನಿಗದಿಯಾಗಿರುತ್ತದೆ. ಬಿಟ್ಟ ಒಂದು ವಾರದೊಳಗೆ ಅದೇ ಪ್ರಮಾಣ ರಕ್ತದಲ್ಲಿ ಹೆಚ್ಚಾಗಿ ನಿಂತು ಅತಿಯಾದ ತೂಕಡಿಕೆ, ತಲೆಸುತ್ತು, ಜೊಲ್ಲು ಸುರಿಯುವುದು ಕಾಣಿಸಿಕೊಳ್ಳಬಹುದು. ಕ್ಲೋಜಪಿನ್ ವಿಷಯದಲ್ಲಿ ಇದು ಅಪಾಯಕಾರಿಯೂ ಆಗಬಲ್ಲದು. ಪ್ರಮಾಣವನ್ನು ನೀವಾಗಿ ಬದಲಿಸಬೇಡಿ, ವೈದ್ಯರು ರಕ್ತಪರೀಕ್ಷೆ ನೋಡಿ ಬದಲಿಸುತ್ತಾರೆ. ಈ ಪರಿಣಾಮ ಬರುವುದು ಹೊಗೆಯಿಂದಲೇ ಹೊರತು ನಿಕೋಟಿನ್‌ನಿಂದಲ್ಲ, ಆದ್ದರಿಂದ ಪ್ಯಾಚ್ ಹಚ್ಚಿಕೊಂಡರೂ ಎಚ್ಚರ ಅಗತ್ಯ. ಮತ್ತೆ ಸೇದಲು ಆರಂಭಿಸಿದರೆ ಔಷಧದ ಮಟ್ಟ ಕುಸಿಯುತ್ತದೆ. ಅದನ್ನೂ ಸಂಕೋಚವಿಲ್ಲದೆ ತಿಳಿಸಿ.

ಪ್ಯಾಚ್, ಗಮ್, ಮಾತ್ರೆಗಳು ಮನಸ್ಸಿನ ಕಾಯಿಲೆ ಇರುವವರಿಗೆ ಸುರಕ್ಷಿತವೇ?

ಪ್ಯಾಚ್ ಮತ್ತು ಗಮ್ ನಿಕೋಟಿನ್ನನ್ನೇ ಕೊಡುತ್ತವೆ, ಆದರೆ ನಿಧಾನವಾಗಿ. ಇಪ್ಪತ್ತು ಸೆಕೆಂಡಿನ ಏರಿಕೆ ಇಲ್ಲದಿರುವುದರಿಂದ ಏರಿಳಿತದ ಆ ಚಕ್ರ ಮುರಿಯುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು ಸಾಮಾನ್ಯವಾಗಿ 21 ಮಿಲಿಗ್ರಾಂ ಪ್ಯಾಚನ್ನು ಆರು ವಾರ, ಆಮೇಲೆ 14 ಮತ್ತು 7 ಮಿಲಿಗ್ರಾಂ ಪ್ಯಾಚುಗಳನ್ನು ಎರಡೆರಡು ವಾರ ಬಳಸುತ್ತಾರೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕಾಗುವವರಿಗೆ 4 ಮಿಲಿಗ್ರಾಂ ಗಮ್, ಉಳಿದವರಿಗೆ 2. ಗಮ್ಮಿನಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ಅದನ್ನು ಸಿಹಿ ಚೂಯಿಂಗ್ ಗಮ್‌ನಂತೆ ಸತತವಾಗಿ ಜಗಿಯುವುದು. ಹಾಗೆ ಮಾಡಿದರೆ ನಿಕೋಟಿನ್ ಜೊಲ್ಲಿನೊಡನೆ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ, ತುಡಿತ ತಣಿಯುವುದಿಲ್ಲ. ಚುರುಚುರು ರುಚಿ ಬರುವವರೆಗೆ ನಿಧಾನವಾಗಿ ಜಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಂಡು, ರುಚಿ ಮಾಸಿದ ಮೇಲೆ ಮತ್ತೆ ಜಗಿಯಬೇಕು. ಕಾಫಿಯಂಥ ಹುಳಿಗುಣದ ಪಾನೀಯಗಳನ್ನು ಅದಕ್ಕೆ ಕಾಲು ಗಂಟೆ ಮೊದಲೇ ನಿಲ್ಲಿಸಬೇಕು.

ಮಾತ್ರೆಗಳ ಪೈಕಿ ವರೆನಿಕ್ಲಿನ್ ಬಗ್ಗೆ ಹಳೆಯ ಭಯವೊಂದಿದೆ. ಅದು ಮನಸ್ಸನ್ನು ಕೆಡಿಸಬಹುದು ಎಂದು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ತನ್ನ ಅತ್ಯಂತ ಗಂಭೀರ ಮಟ್ಟದ ಎಚ್ಚರಿಕೆಯನ್ನು ಅದರ ಮೇಲೆ ಹಾಕಿಸಿತ್ತು. 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ, ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ಈಗಲ್ಸ್ ಪ್ರಯೋಗದಲ್ಲಿ ಅರ್ಧದಷ್ಟು ಜನ ಮಾನಸಿಕ ಕಾಯಿಲೆಯ ಹಿನ್ನೆಲೆಯವರಾಗಿದ್ದರು. ಪ್ಯಾಚ್ ಅಥವಾ ಹುಸಿಮಾತ್ರೆ ಪಡೆದವರಿಗಿಂತ ವರೆನಿಕ್ಲಿನ್, ಬುಪ್ರೊಪಿಯಾನ್ ಪಡೆದವರಲ್ಲಿ ಗಂಭೀರ ಮಾನಸಿಕ ತೊಂದರೆಗಳು ಗಣನೀಯವಾಗಿ ಹೆಚ್ಚಿರಲಿಲ್ಲ, ಮತ್ತು ಬಿಡಿಸುವುದರಲ್ಲಿ ವರೆನಿಕ್ಲಿನ್ ಎಲ್ಲಕ್ಕಿಂತ ಮುಂದಿತ್ತು. ಅದೇ ವರ್ಷದ ಕೊನೆಯಲ್ಲಿ ಆ ಎಚ್ಚರಿಕೆಯನ್ನು ತೆಗೆಯಲಾಯಿತು. ಬುಪ್ರೊಪಿಯಾನ್ ಸ್ವತಃ ಖಿನ್ನತೆ ನಿವಾರಕ, ಆದರೆ ಫಿಟ್ಸ್ ಇರುವವರಿಗೆ ಕೊಡುವುದಿಲ್ಲ. ಎರಡನ್ನೂ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕು.

ಖಿನ್ನತೆ ಪೂರ್ತಿ ವಾಸಿಯಾಗುವವರೆಗೆ ಕಾಯುವುದು ಒಳ್ಳೆಯದಲ್ಲವೇ?

ಹಾಸಿಗೆಯಿಂದ ಏಳಲೂ ಆಗದಂಥ ಸ್ಥಿತಿಯಲ್ಲಿ ಅಥವಾ ಔಷಧವನ್ನು ಈಗಷ್ಟೇ ಬದಲಿಸಿರುವಾಗ ಕೆಲವು ವಾರ ಕಾಯುವುದು ವಿವೇಕ. ಪೂರ್ತಿ ವಾಸಿಯಾಗಲಿ ಎಂದು ವರ್ಷಗಟ್ಟಲೆ ಮುಂದೂಡುವುದಕ್ಕೆ ಮಾತ್ರ ಆಧಾರವಿಲ್ಲ.

ಮೂರನೆಯ ವಾರದಲ್ಲಿ ತಡೆಯಲಾಗದೆ ಒಂದು ಸೇದಿಬಿಟ್ಟೆ. ಎಲ್ಲವೂ ಮೊದಲಿನಿಂದ ಶುರುವಾಗಬೇಕೇ?

ಇಲ್ಲ. ಒಂದು ಸಿಗರೇಟಿನಿಂದ ಮೂರು ವಾರಗಳಲ್ಲಿ ಇಳಿದ ಗ್ರಾಹಕಗಳೆಲ್ಲ ಮತ್ತೆ ಹೆಚ್ಚಿಬಿಡುವುದಿಲ್ಲ. ಅಪಾಯವಿರುವುದು ಸೇದಿದ ನಂತರದ ಮಾತಿನಲ್ಲಿ. ಖಿನ್ನತೆ ಇರುವ ಮನಸ್ಸು ಒಂದು ತಪ್ಪನ್ನು ತನ್ನ ಇಡೀ ವ್ಯಕ್ತಿತ್ವದ ಮೇಲಿನ ತೀರ್ಪಾಗಿ ಓದಿಕೊಳ್ಳುತ್ತದೆ, ಆ ತೀರ್ಪಿನ ನೋವನ್ನು ಮರೆಯಲು ಎರಡನೆಯದನ್ನು ಹಚ್ಚುತ್ತದೆ. ಆದ್ದರಿಂದ ಅದೇ ದಿನ ಎರಡು ವಿಷಯ ಬರೆದಿಡಿ: ಸೇದುವ ಮುನ್ನಿನ ಒಂದು ಗಂಟೆಯಲ್ಲಿ ಏನು ನಡೆಯಿತು, ಸೇದಿದ ಅರ್ಧ ಗಂಟೆಯ ನಂತರ ಆತಂಕದ ಅಂಕ ಎಷ್ಟಿತ್ತು. ನಿರೀಕ್ಷಿಸಿದ ಸಮಾಧಾನದ ಬದಲು ತಲೆಸುತ್ತು, ಎದೆಬಡಿತ ಆಯಿತೆಂದು ಬರೆಯುವವರು ಹಲವರು, ಏಕೆಂದರೆ ನೀಗಿಸಲು ಬೇಕಾದ ತಳಮಳ ಆ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ಪ್ಯಾಚ್ ಬಳಸುತ್ತಿದ್ದರೆ ಅದನ್ನು ಕಿತ್ತೆಸೆಯಬೇಡಿ, ಮರುದಿನ ಬೆಳಿಗ್ಗೆ ಎಂದಿನಂತೆ ಹೊಸದನ್ನು ಹಚ್ಚಿಕೊಳ್ಳಿ.